ಡೆಂಗಿ ಸೂಚನಾಪತ್ರದ ಕನ್ನಡ: ‘ಜ್ವರ ಇಳಿದ ಮೇಲೆ’ ಅನ್ನುವ ಸಾಲನ್ನು ಹೇಗೆ ಬರೆಯೋದು?

ಕರಡುಪ್ರತಿ

ಮನೆಮನೆಗೆ ಹಂಚುವ ಒಂದು ಹಾಳೆಯ ಡೆಂಗಿ ಸೂಚನೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಬದಿಯಲ್ಲಿ ಸೊಳ್ಳೆ ತಡೆಯುವ ಕೆಲಸಗಳು, ಇನ್ನೊಂದು ಬದಿಯಲ್ಲಿ ಜ್ವರ ಬಂದಾಗ ಮಾಡಬೇಕಾದ್ದು. ಮೊದಲ ಕರಡಿನ ಮುಖ್ಯ ಸಾಲುಗಳು ಇವು:

> ಮನೆಯ ಸುತ್ತಮುತ್ತ ನಿಂತ ನೀರನ್ನು ತೆರವುಗೊಳಿಸಿ.
> ಜ್ವರವಿದ್ದಲ್ಲಿ ಪ್ರತಿ 6 ಗಂಟೆಗೆ ಪ್ಯಾರಾಸಿಟಮಾಲ್ ನೀಡಿ. ಸಾಕಷ್ಟು ದ್ರವಾಹಾರ ಸೇವಿಸಿ.
> ಜ್ವರ ಇಳಿದ 24–48 ಗಂಟೆಗಳಲ್ಲಿ ಎಚ್ಚರಿಕೆಯ ಲಕ್ಷಣಗಳು ಕಂಡುಬರಬಹುದು: ತೀವ್ರ ಹೊಟ್ಟೆನೋವು ಅಥವಾ ಹೊಟ್ಟೆಯ ಮೃದುತ್ವ, ನಿರಂತರ ವಾಂತಿ, ಲೋಳೆಪೊರೆಯ ರಕ್ತಸ್ರಾವ, ಆಲಸ್ಯ, ಅಶಾಂತಿ. ಕೂಡಲೇ ವೈದ್ಯರನ್ನು ಸಂಪರ್ಕಿಸಿ.

ಓದಲು ಕೊಟ್ಟವರಲ್ಲಿ ಹೆಚ್ಚಿನವರು ಮೂರನೇ ಸಾಲಿಗೆ ಬಂದಾಗ ‘ಜ್ವರ ಇಳೀತು ಅಂದ್ರೆ ವಾಸಿ ಆಯ್ತು ಅಂತ ತಾನೇ?’ ಎಂದರು. ಮೂಲದಲ್ಲಿ ಇರುವುದು ಅದಕ್ಕೆ ತದ್ವಿರುದ್ಧ. ಇದನ್ನು ಹೇಗೆ ಸರಿಪಡಿಸುವುದು? ಉಳಿದದ್ದರಲ್ಲೂ ತಪ್ಪಿದ್ದರೆ ಹೇಳಿ.

ಜ್ವರದ ವಾರ್ಡು

ನಿಮ್ಮ ಓದುಗರು ಹಾಗೆ ಓದಿದ್ದು ಸಹಜ. ಬೇರೆ ಎಲ್ಲ ಜ್ವರದಲ್ಲೂ ಮೈ ತಣ್ಣಗಾದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಡೆಂಗಿಯಲ್ಲಿ ಕಣ್ಣಿಡಬೇಕಾದ ಹೊತ್ತು ಆಗ ಶುರುವಾಗುತ್ತದೆ. ಇದನ್ನು ಹಾಳೆ ಬಾಯಿಬಿಟ್ಟು ಹೇಳಬೇಕು, ‘ಕಂಡುಬರಬಹುದು’ ಅಂದರೆ ಸಾಲದು.

ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಆಗ ಜನ ನಂಬುತ್ತಾರೆ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಸಾಮಾನ್ಯವಾಗಿ ಮೈಬಿಸಿಯಲ್ಲ. ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೂಡಿಗೆ ಸೋರತೊಡಗುತ್ತದೆ. ನಾಳದೊಳಗೆ ಉಳಿದದ್ದು ಕಡಿಮೆಯಾಗಿ ರಕ್ತದೊತ್ತಡ ಕುಸಿಯುತ್ತದೆ. ಇದು ಹೆಚ್ಚಾಗಿ ಕಾಯಿಲೆಯ 3ರಿಂದ 7ನೇ ದಿನದ ನಡುವೆ, ಜ್ವರ ಬಿಡುವ ಹೊತ್ತಿಗೇ ಆಗುತ್ತದೆ. ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಹೆಚ್ಚಿನವರು ಜ್ವರ ಬಿಟ್ಟ ಮೇಲೆ ಚೇತರಿಸಿಕೊಳ್ಳುತ್ತಾರೆ. ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಮನೆಯಲ್ಲಿ ಗೊತ್ತಾಗುವುದಿಲ್ಲ.

ನಾನಾದರೆ ಹೀಗೆ ಬರೆಯುತ್ತೇನೆ:

> ಜ್ವರ ಬಿಟ್ಟಿತು ಎಂದು ನಿಶ್ಚಿಂತರಾಗಬೇಡಿ. ಡೆಂಗಿಯಲ್ಲಿ ಅಪಾಯ ಹೆಚ್ಚು ಇರುವುದು ಜ್ವರ ಬಿಟ್ಟ ಮೊದಲ ಎರಡು ದಿನ. ಆ ಎರಡು ದಿನ ಹಗಲೂ ರಾತ್ರಿ ರೋಗಿಯ ಹತ್ತಿರ ಯಾರಾದರೂ ಇರಿ, ಕೆಳಗಿನ ಗುರುತುಗಳನ್ನು ನೋಡುತ್ತಿರಿ.

‘24–48 ಗಂಟೆ’ಯನ್ನು ‘ಎರಡು ದಿನ’ ಮಾಡಿ. ಅಡ್ಡಗೆರೆ ಹಾಕಿದ ಅಂಕಿಯನ್ನು ‘ಮೊದಲ 24 ಗಂಟೆ ಬಿಟ್ಟು, ಆಮೇಲೆ’ ಎಂದು ಓದುವವರಿದ್ದಾರೆ.

ಪದಕೋಶಿ

‘ಮೃದುತ್ವ’ ಇಲ್ಲಿ ಸಲ್ಲದು. ಹೊಟ್ಟೆ ಮೆತ್ತಗಿದ್ದರೆ ಆಸ್ಪತ್ರೆಗೆ ಹೋಗಿ ಎಂದಂತಾಯಿತು. ಮೂಲದ ಅರ್ಥ ಮುಟ್ಟಿದರೆ ಅಥವಾ ಒತ್ತಿದರೆ ನೋಯುವುದು. ‘ಆಲಸ್ಯ’ ಇನ್ನೂ ಕೆಟ್ಟದ್ದು, ಅದು ಸೋಮಾರಿತನ. ಮಗು ಮಂಪರಿನಲ್ಲಿ ಬಿದ್ದಿದ್ದರೆ ‘ಜ್ವರ ಬಂದು ಹೋದ ಸುಸ್ತು, ಮಲಗಲಿ ಬಿಡು’ ಎನ್ನುವುದಕ್ಕೆ ಹಾಳೆಯೇ ಅನುಮತಿ ಕೊಟ್ಟಂತೆ. ‘ಅಶಾಂತಿ’ಗೆ ‘ಚಡಪಡಿಕೆ’ ಇದ್ದೇ ಇದೆ. ‘ಲೋಳೆಪೊರೆ’ ಪಠ್ಯಪುಸ್ತಕದಲ್ಲಿರಲಿ; ಮೂಗು, ವಸಡು ಎಂದು ಅಂಗದ ಹೆಸರೇ ಹೇಳಿ.

ಇನ್ನೊಂದು ಮಾತು. ‘ನಿಂತ ನೀರು’ ಸರಿಯಾಗಿಯೇ ಇದೆ, ಬದಲಿಸಬೇಡಿ, ಎಲ್ಲರಿಗೂ ಗೊತ್ತಿರುವ ಮಾತು. ಮತ್ತೆ, ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮೂಲದಲ್ಲಿ ಸೊಳ್ಳೆಪರದೆಯ ಸಾಲಿದ್ದರೆ ತೆಗೆದುಬಿಡಿ, ಅದು ಮಲೇರಿಯಾದ ಹಾಳೆಗೆ ಸೇರಿದ್ದು.

ತೊಟ್ಟಿಮೂಲೆ

ಪದಗಳ ಬಗ್ಗೆ ಹೇಳಿದ್ದೆಲ್ಲ ಒಪ್ಪುತ್ತೇನೆ. ಕೊನೆಯ ಎರಡು ಮಾತು ಒಪ್ಪಲಾರೆ.

‘ನಿಂತ ನೀರು’ ಎಂದರೆ ಜನ ಚರಂಡಿ, ಹೊಂಡ, ರಸ್ತೆಗುಂಡಿ ನೋಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮುಖ್ಯವಾಗಿ ಬೇಕಾದ್ದು ಮನೆಯವರೇ ಹಿಡಿದಿಟ್ಟ ನೀರು: ಡ್ರಮ್ಮು, ಸಿಮೆಂಟ್ ತೊಟ್ಟಿ, ಮುಚ್ಚಳ ಸರಿಯಿಲ್ಲದ ಸಂಪು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಕೂಲರಿನ ತಳ, ಮಳೆಗೆ ಬಿದ್ದಿರುವ ಟೈರು. ಕುಡಿಯುವ ನೀರನ್ನು ಯಾರೂ ‘ನಿಂತ ನೀರು’ ಅನ್ನುವುದಿಲ್ಲ. ಹಾಗಾಗಿ ‘ಹಿಡಿದಿಟ್ಟ ನೀರು’ ಎಂದು ಬರೆದು ಪಾತ್ರೆಗಳ ಹೆಸರು ಕೊಡಿ.

‘ತೆರವುಗೊಳಿಸಿ’ ಎಂಬ ಕ್ರಿಯಾಪದವೂ ಕೆಲಸ ಕೆಡಿಸುತ್ತದೆ. ಈ ಸೊಳ್ಳೆ ಮೊಟ್ಟೆಯನ್ನು ನೀರಿನೊಳಗೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಒಳಗೋಡೆಯ ಒದ್ದೆಗೆ ಅಂಟಿಸುತ್ತದೆ. ಒಂದೊಂದೂ ಕಪ್ಪು ಧೂಳಿನ ಚುಕ್ಕೆಯಷ್ಟೇ ಕಾಣುತ್ತದೆ. ನೀರು ಚೆಲ್ಲಿ, ಒಣಗಿಸಿ ಇಟ್ಟರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ತುಂಬಿದಾಗ ಮೊಟ್ಟೆ ಒಡೆಯುತ್ತದೆ. ‘ವಾರ ವಾರ ನೀರು ಚೆಲ್ತೀವಿ, ಆದ್ರೂ ಹುಳ ಆಗುತ್ತೆ’ ಅನ್ನುವ ದೂರಿನ ಹಿಂದೆ ಇರುವುದು ಇದೇ. ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು:

> ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಡ್ರಮ್ಮು, ತೊಟ್ಟಿಯ ನೀರು ಪೂರ್ತಿ ಖಾಲಿ ಮಾಡಿ. ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆ ಇದ್ದ ಕಡೆ, ಗಟ್ಟಿ ಬ್ರಷ್ಷಿನಿಂದ ಸುತ್ತಲೂ ಉಜ್ಜಿ. ತೊಳೆದ ನೀರನ್ನು ಒಣ ಮಣ್ಣಿಗೆ ಚೆಲ್ಲಿ. ಆಮೇಲೆ ತುಂಬಿಸಿ, ಬಿಗಿಯಾಗಿ ಮುಚ್ಚಿ.

ವಾರ ಯಾಕೆಂದರೆ ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಹದಿನೈದು ದಿನಕ್ಕೊಮ್ಮೆ ಮಾಡಿದರೆ ನಡುವೆ ಒಂದು ಪೀಳಿಗೆ ಹಾರಿಹೋಗಿರುತ್ತದೆ. ಒಣ ಮಣ್ಣಿಗೆ ಯಾಕೆಂದರೆ, ಮರಿಹುಳ ಇರುವ ನೀರನ್ನು ಇನ್ನೊಂದು ಬಕೆಟ್ಟಿಗೋ ನೀರು ನಿಲ್ಲುವ ಮೋರಿಗೋ ಸುರಿದರೆ ಅವು ಅಲ್ಲಿ ಬೆಳೆಯಬಹುದು. ಖಾಲಿ ಮಾಡಲಾಗದ ಸಂಪಿಗೆ ಸಂದಿಯಿಲ್ಲದ ಮುಚ್ಚಳ, ಅಥವಾ ಸೊಳ್ಳೆ ನುಸುಳದಷ್ಟು ಸಣ್ಣ ಬಲೆ ಹಾಕಿ ಸುತ್ತ ಹಗ್ಗ ಬಿಗಿಯಬೇಕು. ಬಲೆ ಜೋತುಬಿದ್ದು ನೀರಿಗೆ ತಾಗಬಾರದು. ಸಂಪಿಗೆ ಹಾಕುವ ಮರಿಹುಳನಾಶಕದ ಅಳತೆಯನ್ನು ಈ ಹಾಳೆಯಲ್ಲಿ ಕೊಡಬೇಡಿ. ಟೆಮೆಫಾಸ್ ಒಂದೇ ಶಕ್ತಿಯಲ್ಲಿ ಸಿಗುವುದಿಲ್ಲ: 1 ಶೇಕಡಾ ಹರಳಾದರೆ 100 ಲೀಟರಿಗೆ 10 ಗ್ರಾಂ, ದ್ರವರೂಪದ್ದು ಇದಕ್ಕಿಂತ ಎಷ್ಟೋ ಪಟ್ಟು ಗಾಢ. ಒಂದರ ಅಳತೆಯಲ್ಲಿ ಇನ್ನೊಂದನ್ನು ಸುರಿದರೆ ಕೆಡುಕು. ಅದು ಆರೋಗ್ಯ ಸಿಬ್ಬಂದಿಯ ಕೈಯಲ್ಲೇ ಇರಲಿ.

ಸೊಳ್ಳೆಪರದೆ ಇರಲೇಬೇಕು. ಹಗಲಲ್ಲಿ ಮಲಗುವ ಕೂಸಿಗೆ, ವಯಸ್ಸಾದವರಿಗೆ ಅದು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಜ್ವರದವರು ಹಗಲೂ ಪರದೆಯೊಳಗೇ ಇರಬೇಕು. ಜ್ವರದ ದಿನಗಳಲ್ಲಿ ಅವರ ರಕ್ತದಲ್ಲಿ ವೈರಸ್ ಇರುತ್ತದೆ; ಅವರನ್ನು ಕಚ್ಚಿದ ಸೊಳ್ಳೆ ಮುಂದೆ ಅದೇ ಮನೆಯ ಉಳಿದವರನ್ನು ಕಚ್ಚುತ್ತದೆ.

ಪದಕೋಶಿ

ರೋಗಿಗೆ ಹಗಲಲ್ಲೂ ಪರದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಆದರೆ ಬರಿದೆ ‘ಪರದೆ ಬಳಸಿ’ ಎಂದರೆ ಎಲ್ಲರೂ ರಾತ್ರಿಗೆಂದೇ ತಿಳಿಯುತ್ತಾರೆ. ‘ಜ್ವರದವರು ಹಗಲಿನಲ್ಲೂ ಪರದೆಯೊಳಗೆ ಮಲಗಲಿ’ ಎಂದು ಬರೆಯಿರಿ.

ಮಲೆನೆರಳು

ನನ್ನದೊಂದು ಸಲಹೆ. ಎಚ್ಚರಿಕೆಯ ಗುರುತುಗಳಲ್ಲಿ ನಡುಕ ಬಿಟ್ಟುಹೋಗಿದೆ. ಗಡಗಡ ನಡುಗಿ ಜ್ವರ ಏರುವುದು, ಬೆವರಿ ಇಳಿಯುವುದು, ಒಂದು ದಿನ ಬಿಟ್ಟು ಒಂದು ದಿನ ಮತ್ತೆ ಬರುವುದು. ಜ್ವರ ಬಿಟ್ಟರೂ ಕೊಟ್ಟ ಮಾತ್ರೆ ಮುಗಿಸಬೇಕು ಅಂತಲೂ ಹಾಕಿ. ಅರ್ಧಕ್ಕೆ ನಿಲ್ಲಿಸಿದರೆ ಮರುಕಳಿಸುತ್ತೆ.

ಜ್ವರದ ವಾರ್ಡು

ನೀವು ಹೇಳಿದ್ದು ಮಲೇರಿಯಾಗೆ ಸರಿ, ಈ ಹಾಳೆ ಡೆಂಗಿಯದ್ದು. ಡೆಂಗಿಗೆ ಮುಗಿಸಬೇಕಾದ ಮಾತ್ರೆಯ ಕೋರ್ಸು ಇಲ್ಲ, ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಬಳಕೆಯಲ್ಲಿಲ್ಲ. ಎರಡೂ ಕಾಯಿಲೆ ಒಂದೇ ಪಟ್ಟಿಯಲ್ಲಿ ಬೆರೆತರೆ ‘ನಡುಕ ಇಲ್ಲ, ಹಾಗಾದ್ರೆ ಅಪಾಯ ಇಲ್ಲ’ ಎಂದು ಜನ ಕಾಯುತ್ತಾರೆ.

ಆದರೂ ನಿಮ್ಮ ಮಾತಿನಿಂದ ಒಂದು ಸಾಲು ತೆಗೆದುಕೊಳ್ಳಬಹುದು. ಮಲೇರಿಯಾ ಇರುವ ಊರುಗಳಲ್ಲಿ ಹಾಳೆಯ ತಲೆಯಲ್ಲಿ ‘ಯಾವುದೇ ಜ್ವರ ಬಂದರೂ 24 ಗಂಟೆಯೊಳಗೆ ರಕ್ತ ಪರೀಕ್ಷೆ ಮಾಡಿಸಿ’ ಎಂದಿರಲಿ. ಮನೆಯಲ್ಲಿ ಕೂತು ಯಾವ ಜ್ವರ ಎಂದು ಹೇಳಲು ಆಗುವುದಿಲ್ಲ.

ಮಲೆನೆರಳು

ಹಾಳೆ ಡೆಂಗಿಯದ್ದು ಎಂಬುದನ್ನು ಗಮನಿಸಿರಲಿಲ್ಲ, ಸರಿ. ಆದರೆ ಎರಡು ಕಾಯಿಲೆಗೆ ಎರಡು ಹಾಳೆ ಹಂಚಿದರೆ ಒಂದು ಕಳೆದುಹೋಗುತ್ತೆ. ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಹಾಕುವುದೇ ಒಳ್ಳೆಯದು ಅಂತ ನನಗೆ ಈಗಲೂ ಅನಿಸುತ್ತೆ.

ಕರಡುಪ್ರತಿ

ಅದನ್ನು ಹಂಚುವವರಿಗೆ ಬಿಡುತ್ತೇನೆ. ಈಗ ಗುರುತುಗಳ ಪಟ್ಟಿ. ಮೇಡಂ, ‘ನಿರಂತರ ವಾಂತಿ’ಯನ್ನು ಹೇಗೆ ಅಳೆಯಬೇಕು? ‘ಕೂಡಲೇ ವೈದ್ಯರನ್ನು ಸಂಪರ್ಕಿಸಿ’ ಸಾಕೇ?

ಜ್ವರದ ವಾರ್ಡು

‘ಸಂಪರ್ಕಿಸಿ’ ಎಂದರೆ ಫೋನ್ ಮಾಡಿ ನಾಳೆಗೆ ಸಮಯ ಕೇಳುತ್ತಾರೆ. ‘ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ’ ಎಂದು ಬರೆಯಿರಿ. ‘ನಿರಂತರ’ ಎಂದರೆ ಬಿಡುವೇ ಇಲ್ಲದ ವಾಂತಿ ಎಂದು ಅರ್ಥವಾಗುತ್ತದೆ, ಅಲ್ಲಿಯವರೆಗೆ ಕಾಯುವಂತಿಲ್ಲ. ಎಣಿಸುವಂತೆ ಹೇಳಿ:

> ಇವುಗಳಲ್ಲಿ ಒಂದೇ ಒಂದು ಕಂಡರೂ ಈಗಲೇ ಆಸ್ಪತ್ರೆಗೆ ಹೋಗಿ:
> ಹೊಟ್ಟೆ ತುಂಬಾ ನೋಯುತ್ತಿದೆ, ಅಥವಾ ಮುಟ್ಟಿದರೆ ನೋಯುತ್ತದೆ.
> ಒಂದು ದಿನದಲ್ಲಿ 3 ಸಲ ಅಥವಾ ಹೆಚ್ಚು ವಾಂತಿ; ಕುಡಿದದ್ದು ನಿಲ್ಲುತ್ತಿಲ್ಲ.
> ಮೂಗಿನಿಂದ, ವಸಡಿನಿಂದ ರಕ್ತ, ವಾಂತಿಯಲ್ಲಿ ರಕ್ತ, ಮಲ ಟಾರಿನಂತೆ ಕಪ್ಪು, ಮುಟ್ಟಿನ ಸ್ರಾವ ಎಂದಿಗಿಂತ ಬಹಳ ಹೆಚ್ಚು.
> ಮಂಪರು, ಎಬ್ಬಿಸಿದರೂ ಸರಿಯಾಗಿ ಮಾತಾಡುತ್ತಿಲ್ಲ. ಅಥವಾ ಸುಮ್ಮನಿರಲಾರದೆ ಚಡಪಡಿಸುತ್ತಾರೆ. ಮಗು ಸಮಾಧಾನವಾಗದೆ ಅಳುತ್ತದೆ.
> ಕೈಕಾಲು ತಣ್ಣಗೆ, ಬೆವರಿ ಅಂಟಂಟು, ಎದ್ದು ನಿಂತರೆ ತಲೆಸುತ್ತು, ಉಸಿರಾಟ ಕಷ್ಟ.
> 6 ಗಂಟೆಯಾದರೂ ಮೂತ್ರ ಆಗಿಲ್ಲ.

‘ಒಂದೇ ಒಂದು ಕಂಡರೂ’ ಮುಖ್ಯ. ಅಲ್ಪವಿರಾಮ ಹಾಕಿ ಸಾಲಾಗಿ ಬರೆದರೆ ಎಲ್ಲವೂ ಸೇರಿ ಬರಬೇಕು ಎಂದುಕೊಳ್ಳುತ್ತಾರೆ.

ಜ್ವರ ನಿಜವಾಗಿ ಬಿಟ್ಟಿತೋ, ಮಾತ್ರೆಯಿಂದ ತಾತ್ಕಾಲಿಕವಾಗಿ ಇಳಿದಿದೆಯೋ ಎಂಬ ಗೊಂದಲ ಇದ್ದೇ ಇರುತ್ತದೆ. ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಕೆಲವು ಗಂಟೆ ಮೈ ತಣ್ಣಗಿರುವುದು ಮಾತ್ರೆಯ ಕೆಲಸ. ಮುಂದಿನ ಮಾತ್ರೆಯ ಹೊತ್ತು ದಾಟಿದರೂ, ಕೊಡದೆಯೂ ಥರ್ಮಾಮೀಟರು 38 ಡಿಗ್ರಿ ಸೆಲ್ಸಿಯಸ್ ಕೆಳಗೇ ಇದ್ದರೆ ಜ್ವರ ಬಿಡುತ್ತಿದೆ ಎಂದು ತಿಳಿದು ಎರಡು ದಿನದ ಕಾವಲು ಶುರುಮಾಡಬೇಕು. ಈ ಲೆಕ್ಕ ಕಾವಲಿಗೆ ಮಾತ್ರ. ಮೇಲಿನ ಗುರುತು ಕಂಡರೆ ಜ್ವರ 39 ಇದ್ದರೂ ಹೋಗಬೇಕು.

ತೊಟ್ಟಿಮೂಲೆ

ದಿನದ ಎಣಿಕೆಯನ್ನೂ ಸ್ಪಷ್ಟ ಮಾಡಿ. ‘3ನೇ ದಿನ’ ಎಂದರೆ ಕೆಲವರು ಡಾಕ್ಟರರನ್ನು ಕಂಡ ದಿನದಿಂದ ಎಣಿಸುತ್ತಾರೆ. ಹಾಳೆಯಲ್ಲೇ ‘ಜ್ವರ ಶುರುವಾದ ದಿನಾಂಕ: ____’ ಎಂದು ಜಾಗ ಬಿಡಿ. ಪರೀಕ್ಷೆ ಮಾಡುವವರಿಗೂ ಅದೇ ದಿನಾಂಕ ಬೇಕು: ಮೊದಲ 5 ದಿನದೊಳಗಾದರೆ ವೈರಸ್ಸಿನ ಪ್ರೋಟೀನು ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲಾದರೆ ಅದರ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಹೆಚ್ಚು ನೆಚ್ಚಿಕೆಯದ್ದು.

ಗಡಿಯಾರ

‘ಪ್ರತಿ 6 ಗಂಟೆಗೆ’ ಎಂದು ಹಾಕಬೇಡಿ. ಕನ್ನಡದಲ್ಲಿ ‘6 ಗಂಟೆಗೆ’ ಎಂದರೆ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ‘6 ಗಂಟೆಗೊಮ್ಮೆ’ ಸ್ವಲ್ಪ ವಾಸಿ, ಆದರೆ ಜ್ವರ ಇಲ್ಲದಿದ್ದರೂ ಕೊಡುತ್ತಲೇ ಹೋಗುತ್ತಾರೆ. ‘ಜ್ವರ ಇದ್ದರೆ ಮಾತ್ರ ಕೊಡಿ. ಒಮ್ಮೆ ಕೊಟ್ಟ ಮೇಲೆ ಕನಿಷ್ಠ 6 ಗಂಟೆ ಕಳೆಯುವವರೆಗೆ ಮತ್ತೆ ಕೊಡಬೇಡಿ’ ಅನ್ನಿ.

ಮಕ್ಕಳ ಸಿರಪ್ಪನ್ನು ಚಮಚದ ಲೆಕ್ಕದಲ್ಲಿ ಬರೆಯಲೇಬೇಡಿ. ಒಂದು ಲೆಕ್ಕ ನೋಡಿ. ಮಗು 12 ಕೆ.ಜಿ. ಕೆ.ಜಿ.ಗೆ 15 ಮಿ.ಗ್ರಾಂನಂತೆ ಒಂದು ಸಲಕ್ಕೆ 180 ಮಿ.ಗ್ರಾಂ, ದಿನಕ್ಕೆ 4 ಸಲ ಮೀರಬಾರದು. ಬಾಟಲಿಯ ಮೇಲೆ 5 ಮಿ.ಲೀ.ಗೆ 120 ಮಿ.ಗ್ರಾಂ ಎಂದಿದ್ದರೆ 7.5 ಮಿ.ಲೀ. ಆಯಿತು. 5 ಮಿ.ಲೀ.ಗೆ 250 ಎಂದಿದ್ದರೆ 3.6 ಮಿ.ಲೀ. ಮಾತ್ರ. ಮೊದಲ ಬಾಟಲಿಯ ಅಳತೆಯನ್ನು ಎರಡನೆಯದರಿಂದ ಹಾಕಿದರೆ 375 ಮಿ.ಗ್ರಾಂ, ಬೇಕಾದ್ದರ ಎರಡು ಪಟ್ಟಿಗಿಂತ ಹೆಚ್ಚು. ಕೂಸುಗಳ ಹನಿಯೌಷಧಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುವುದೂ ಉಂಟು. ಒಂದೆರಡು ದಿನ ಹೀಗೆ ಹೆಚ್ಚಾದರೆ ಪೆಟ್ಟು ಬೀಳುವುದು ಲಿವರಿಗೆ, ಡೆಂಗಿಯಲ್ಲಿ ಅದು ಮೊದಲೇ ಬಳಲಿರುತ್ತದೆ.

ಆದ್ದರಿಂದ ಹಾಳೆಯಲ್ಲಿ ತೂಕದ ಕೋಷ್ಟಕವೇ ಬೇಡ ಎಂಬುದು ನನ್ನ ಅಭಿಪ್ರಾಯ. ‘ಮಗುವಿನ ತೂಕವನ್ನೂ ಬಾಟಲಿಯನ್ನೂ ತೋರಿಸಿ, ಎಷ್ಟು ಮಿ.ಲೀ. ಎಂದು ಬರೆಸಿಕೊಳ್ಳಿ: ____’ ಎಂದು ಖಾಲಿ ಬಿಡಿ.

ಜ್ವರದ ವಾರ್ಡು

ಕೋಷ್ಟಕ ಬೇಡ ಎನ್ನುವುದನ್ನು ಪೂರ್ತಿ ಒಪ್ಪಲಾರೆ. ರಾತ್ರಿ ಹೊತ್ತು, ಆಸ್ಪತ್ರೆ ದೂರ ಇರುವ ಮನೆಯಲ್ಲಿ ಆ ಖಾಲಿ ಜಾಗ ಖಾಲಿಯೇ ಇರುತ್ತದೆ, ಆಗ ಮನೆಯವರು ಅಂದಾಜಿಗೆ ಕೊಡುತ್ತಾರೆ. ತೂಕ, ಎರಡು ಬಗೆಯ ಸಿರಪ್ಪು, ಮಿ.ಲೀ. ಮೂರೂ ಇರುವ ಸಣ್ಣ ಕೋಷ್ಟಕವನ್ನು ವೈದ್ಯರು ಪರಿಶೀಲಿಸಿ ಹಾಕಿದರೆ ಹೆಚ್ಚು ಉಪಯೋಗ.

ಗಡಿಯಾರ

ಎರಡು ಬಗೆಯ ಸಿರಪ್ಪಿನ ಕೋಷ್ಟಕದಲ್ಲಿ ಅಡ್ಡಸಾಲು ತಪ್ಪಿ ಓದುವುದೇ ನನ್ನ ಭಯ. ಹಾಕುವುದಾದರೆ ಬಣ್ಣ ಬೇರೆ ಇರಲಿ, ಹಾಕುವ ಮೊದಲು ಹತ್ತಾರು ಜನರ ಕೈಯಲ್ಲಿ ಓದಿಸಿ ನೋಡಿ.

ಸಂಜೆಮಲ್ಲಿಗೆ

ನಡುವೆ ಕೇಳ್ತಿದ್ದೀನಿ, ಕ್ಷಮಿಸಿ. ನಮ್ಮತ್ತೆಯವರಿಗೆ ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ಇದೆ. ಮೊನ್ನೆಯಿಂದ ಜ್ವರ, ಡೆಂಗಿ ಇರಬಹುದು ಅಂದಿದ್ದಾರೆ. ಎಲ್ಲಾ ಹಾಳೆಯಲ್ಲೂ ಆಸ್ಪಿರಿನ್ ಬೇಡ ಅಂತಿರುತ್ತೆ. ಇವತ್ತಿನ ಮಾತ್ರೆ ಕೊಡದೆ ಇಟ್ಟುಬಿಡಲಾ?

ಜ್ವರದ ವಾರ್ಡು

ನೀವಾಗಿ ನಿಲ್ಲಿಸಬೇಡಿ ಅಕ್ಕಾ, ಹಾಗೇ ಕೊಡುತ್ತಲೂ ಹೋಗಬೇಡಿ. ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆ ಅವರ ಡಾಕ್ಟರರನ್ನು ಕೇಳಿ, ಸಿಗದಿದ್ದರೆ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಹೃದಯದಲ್ಲಿ ಸ್ಟೆಂಟ್ ಹಾಕಿದ್ದರೆ ಹಠಾತ್ತಾಗಿ ನಿಲ್ಲಿಸುವುದು ಅಪಾಯ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಮುಂದುವರಿಸುವುದೂ ಅಪಾಯ. ಎರಡನ್ನೂ ತೂಗಿ ಹೇಳಬೇಕಾದವರು ಅವರೇ. ವಯಸ್ಸು, ಹೃದಯದ ಕಾಯಿಲೆ ಎರಡೂ ಇರುವುದರಿಂದ ಅವರು ಗುರುತುಗಳಿಗಾಗಿ ಕಾಯದೆ ಇವತ್ತೇ ತೋರಿಸಿಕೊಳ್ಳಬೇಕು. ಗರ್ಭಿಣಿಯರು, ಕೂಸುಗಳು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಗೂ ಇದೇ ಮಾತು.

ಕರಡುಪ್ರತಿಯವರೇ, ಇದು ಹಾಳೆಗೂ ಬೇಕು. ‘ಜ್ವರಕ್ಕೆ, ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್ ಕೊಡಬೇಡಿ. ಹೃದಯಕ್ಕೆಂದು ಮೊದಲಿಂದ ಆಸ್ಪಿರಿನ್ ತೆಗೆದುಕೊಳ್ಳುವವರು ಇವತ್ತೇ ಡಾಕ್ಟರರನ್ನು ಕೇಳಿ.’ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಈ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ, ಆದ್ದರಿಂದ ಎರಡೂ ಲಿಪಿಯಲ್ಲಿ ಅಚ್ಚುಹಾಕಿಸಿ. ಪ್ಯಾರಾಸಿಟಮಾಲ್ ಜೊತೆಗೇ ಐಬುಪ್ರೊಫೆನ್ ಸೇರಿರುವ ಮಾತ್ರೆಗಳಿವೆ. ಮೊದಲ ಹೆಸರು ಓದಿ ಸುಮ್ಮನಾದರೆ ಎರಡನೆಯದು ಹೊಟ್ಟೆಗೆ ಹೋಗಿರುತ್ತದೆ.

ಸಂಜೆಮಲ್ಲಿಗೆ

ಸರಿ ಮೇಡಂ, ಈಗಲೇ ಹೊರಡ್ತೀವಿ.

ಕರಡುಪ್ರತಿ

‘ಸಾಕಷ್ಟು ದ್ರವಾಹಾರ’ಕ್ಕೆ ಏನು ಹಾಕಲಿ?

ಜ್ವರದ ವಾರ್ಡು

ಲೀಟರಿನ ಲೆಕ್ಕ ಬೇಡ, ಮೈತೂಕಕ್ಕೆ ತಕ್ಕಂತೆ ಬದಲಾಗುತ್ತದೆ. ಮೂತ್ರವನ್ನೇ ಅಳತೆಗೋಲು ಮಾಡಿ: ‘ಸ್ವಲ್ಪ ಸ್ವಲ್ಪವಾಗಿ ಆಗಾಗ ಕುಡಿಸಿ. 4ರಿಂದ 6 ಗಂಟೆಗೊಮ್ಮೆಯಾದರೂ ಮೂತ್ರ ಆಗುತ್ತಿರಬೇಕು.’ ಬರೀ ನೀರಿಗಿಂತ ಓಆರ್‌ಎಸ್ ಒಳ್ಳೆಯದು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಬೇಕು. 1 ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗುತ್ತದೆ, ಚಿಕ್ಕ ಮಕ್ಕಳಿಗೆ ಅದು ಕೆಡುಕು. ಕೆಂಪು, ಕಂದು ಬಣ್ಣದ ಪಾನೀಯ ಬೇಡ. ವಾಂತಿಯಾದಾಗ ರಕ್ತವೋ ಬಣ್ಣವೋ ತಿಳಿಯುವುದಿಲ್ಲ.

ಪದಕೋಶಿ

ಪ್ಲೇಟ್‌ಲೆಟ್ ಎಷ್ಟಕ್ಕಿಳಿದರೆ ಹೋಗಬೇಕು ಅನ್ನುವ ಸಾಲು? ಎಲ್ಲರೂ ಕೇಳುವುದು ಅದನ್ನೇ.

ಜ್ವರದ ವಾರ್ಡು

ಹಾಕಬಾರದು ಅಂತಲೇ ನನ್ನ ನಿಲುವು. ಒಂದು ಅಂಕಿ ಕೊಟ್ಟರೆ ‘ಇನ್ನೂ ಅಷ್ಟು ಇಳಿದಿಲ್ಲ’ ಎಂದು ಹೊಟ್ಟೆನೋವಿದ್ದರೂ ಮನೆಯಲ್ಲಿ ಕೂರುತ್ತಾರೆ. ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತಿದೆಯೇ ಎಂದು ವೈದ್ಯರು ರಕ್ತದಲ್ಲಿ ಕೆಂಪುಕಣಗಳ ಪಾಲು ಹೇಳುವ ಹೆಮಟೊಕ್ರಿಟ್ ಜೊತೆಗಿಟ್ಟು ನೋಡುತ್ತಾರೆ. ಮನೆಯಲ್ಲಿ ಬರಿಯ ಪ್ಲೇಟ್‌ಲೆಟ್ ನೋಡಿ ತೀರ್ಮಾನ ಮಾಡುವಂತಿಲ್ಲ.

ಪದಕೋಶಿ

ಹಾಗಾದರೆ ‘ರಿಪೋರ್ಟಿನ ಅಂಕಿ ಏನೇ ಇರಲಿ, ಗುರುತು ಕಂಡರೆ ಹೋಗಿ’ ಎಂದಾದರೂ ಹಾಕಿ. ಏನೂ ಹೇಳದಿದ್ದರೆ ಜನ ಆ ಅಂಕಿಯನ್ನು ಬೇರೆ ಕಡೆಯಿಂದ ತಂದುಕೊಳ್ಳುತ್ತಾರೆ.

ಜ್ವರದ ವಾರ್ಡು

ಅದು ಒಪ್ಪಿಗೆ.

ಕರಡುಪ್ರತಿ

ಇದನ್ನೆಲ್ಲ ಸೇರಿಸಿ ಎರಡನೇ ಕರಡು ಮಾಡುತ್ತೇನೆ. ಮೊದಲು ಓದಿದವರಿಗೇ ಕೊಟ್ಟರೆ ಸಾಕೇ?

ಗಡಿಯಾರ

ಬೇಡ, ಅವರಿಗೆ ಉತ್ತರ ಗೊತ್ತಾಗಿಬಿಟ್ಟಿದೆ. ಹೊಸಬರಿಗೆ ಕೊಡಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಆಯ್ತು ಅನ್ನುತ್ತಾರೆ. ಹಾಳೆ ಅವರ ಕೈಯಲ್ಲೇ ಇರಲಿ, ಸಂದರ್ಭ ಹೇಳಿ ಕೇಳಿ: ‘ಮಗುವಿಗೆ ಜ್ವರ ಬಂದು ಇವತ್ತಿಗೆ ಐದನೇ ದಿನ. ಬೆಳಿಗ್ಗೆಯಿಂದ ಮೈ ತಣ್ಣಗಿದೆ, ಮಾತ್ರೆ ಕೊಟ್ಟಿಲ್ಲ. ಎರಡು ಸಲ ವಾಂತಿಯಾಗಿದೆ, ಹೊಟ್ಟೆ ಮುಟ್ಟಿದರೆ ಅಳುತ್ತಾನೆ. ಈಗ ರಾತ್ರಿ ಹತ್ತು ಗಂಟೆ. ಏನು ಮಾಡ್ತೀರಿ?’ ವಾಂತಿ ಇನ್ನೂ ಎರಡೇ ಅಲ್ಲವೇ ಎಂದು ಬೆಳಗಿನವರೆಗೆ ಕಾಯುತ್ತೇವೆ ಅಂದರೆ ‘ಒಂದೇ ಒಂದು ಕಂಡರೂ’ ಅನ್ನುವುದು ಕಣ್ಣಿಗೆ ಬಿದ್ದಿಲ್ಲ. ಆ ಸಾಲಿನ ಅಕ್ಷರ ದಪ್ಪ ಮಾಡಿ, ಬೇರೆಯವರಿಗೆ ಕೊಟ್ಟು ಮತ್ತೆ ಕೇಳಿ.

ತೊಟ್ಟಿಮೂಲೆ

ಸೊಳ್ಳೆಯ ಬದಿಗೂ ಹಾಗೇ. ಒಂದು ಖಾಲಿ ಡ್ರಮ್ಮು ಮುಂದಿಟ್ಟು ‘ಎಲ್ಲಿ ಉಜ್ಜುತ್ತೀರಿ, ತೋರಿಸಿ’ ಅನ್ನಿ. ತಳಕ್ಕೆ ಕೈ ಹಾಕಿದರೆ ಚಿತ್ರ ಬೇಕು: ಡ್ರಮ್ಮಿನ ಸೀಳುನೋಟ, ನೀರಿನ ಗೆರೆ, ಅದರ ಮೇಲೆ ಕಪ್ಪು ಚುಕ್ಕೆಗಳು, ಅಲ್ಲಿಗೆ ಬ್ರಷ್ಷು.